ಬೇರಿಯಂ ಸ್ವಾಲೋ ರಿಪೋರ್ಟ್: ನಿಮ್ಮ ಅನ್ನನಾಳದಲ್ಲಿ ಕಂಡದ್ದು

ಅಮ್ಮಾ, ಈ ಹಾಳೆಯನ್ನು ರಿಪೋರ್ಟಿನ ಜೊತೆಗೇ ಇಟ್ಟುಕೊಳ್ಳಿ. ನಾಲ್ಕು ತಿಂಗಳಿಂದ ಮುದ್ದೆ, ಚಪಾತಿ ಎದೆಯಲ್ಲೇ ನಿಂತಂತಾಗುತ್ತದೆ, ಸಾರು-ಮಜ್ಜಿಗೆ ಸಲೀಸಾಗಿ ಇಳಿಯುತ್ತದೆ ಎಂದಿದ್ದಿರಿ. ಅದಕ್ಕೆ ಕಾರಣ, ಎಕ್ಸ್‌ರೇಯಲ್ಲಿ ನಾಳ ಎದ್ದು ಕಾಣುವಂತೆ ಮಾಡುವ ಬೇರಿಯಂ ಎಂಬ ಬಿಳಿ ದ್ರವ ಕುಡಿಸಿ ತೆಗೆದ ಚಿತ್ರಗಳಲ್ಲಿ ಕಂಡಿದೆ.

ರಿಪೋರ್ಟಿನ ಮುಖ್ಯ ಮಾತು ಇದು: ಅನ್ನನಾಳದ ಕೆಳತುದಿಯಲ್ಲಿ, ಜಠರ ಸೇರುವುದಕ್ಕೆ ತುಸು ಮೇಲೆ, 2 ಸೆಂ.ಮೀ. ಉದ್ದಕ್ಕೆ ನಾಳ ಕಿರಿದಾಗಿದೆ. ಅಲ್ಲಿನ ಅಗಲ 9 ಮಿ.ಮೀ. ಅಂಚು ನಯವಾಗಿದೆ. ಸಾಮಾನ್ಯವಾಗಿ ನಾಳ 20 ಮಿ.ಮೀ.ವರೆಗೆ ಹಿಗ್ಗುತ್ತದೆ, 13ಕ್ಕಿಂತ ಕಿರಿದಾದರೆ ಗಟ್ಟಿ ಆಹಾರ ಸಿಕ್ಕಿಕೊಳ್ಳತೊಡಗುತ್ತದೆ. ಬೇರಿಯಂನಲ್ಲಿ ಅದ್ದಿ ಕೊಟ್ಟ ಬ್ರೆಡ್ ತುಂಡು ಅಲ್ಲೇ 40 ಸೆಕೆಂಡು ನಿಂತು, ನೀರು ಕುಡಿದ ಮೇಲೆ ಇಳಿಯಿತು. ಮುದ್ದೆಯನ್ನು ಅಗಿಯದೆ ನುಂಗುತ್ತೇವಲ್ಲ, ಅದಕ್ಕೇ ಮೊದಲು ತಕರಾರು ತೆಗೆದದ್ದು ಅದು.

ಮಲಗಿಸಿ ನೋಡಿದಾಗ ಬೇರಿಯಂ ಜಠರದಿಂದ ಎದೆಯ ನಡುಮಟ್ಟದವರೆಗೆ ಮೇಲೇರಿದೆ. ಇದೇ ರಿಫ್ಲಕ್ಸ್. ವರ್ಷಗಟ್ಟಲೆ ಹೀಗೆ ಹುಳಿ ಮೇಲೇರಿದರೆ ಒಳಪದರ ಸುಟ್ಟು, ಮಾಯುತ್ತಾ ಗಾಯದ ಕಲೆ ಕಟ್ಟಿ ನಾಳ ಬಿಗಿಯುತ್ತದೆ. ನಿಮ್ಮ ಹಳೆಯ ಎದೆಯುರಿ, ಹುಳಿತೇಗಿಗೆ ಇದು ಹೊಂದುತ್ತದೆ.

ಮಲಗಿಸಿದ್ದಕ್ಕೆ ಇನ್ನೊಂದು ಕಾರಣವಿದೆ. ನಿಂತಾಗ ಭಾರಕ್ಕೇ ಆಹಾರ ಇಳಿದುಬಿಡುತ್ತದೆ, ಸ್ನಾಯುವಿನ ಕಸುವು ಗೊತ್ತಾಗುವುದಿಲ್ಲ. ಐದು ಗುಟುಕುಗಳಲ್ಲಿ ಎರಡರಲ್ಲಿ, ಆಹಾರವನ್ನು ಕೆಳಕ್ಕೆ ಒತ್ತುವ ಸ್ನಾಯುವಿನ ಅಲೆ ಅರ್ಧದಲ್ಲೇ ಮುರಿದಿದೆ. ಅಲೆ ಸೋತರೆ ಮೇಲೇರಿದ ಹುಳಿ ಬೇಗ ಕೆಳಗಿಳಿಯುವುದಿಲ್ಲ, ಸುಡುವ ಹೊತ್ತು ಹೆಚ್ಚುತ್ತದೆ. ಸ್ನಾಯುವಿನ ಮೂಲ ಕಾಯಿಲೆಯಾದ ಅಕಲೇಸಿಯಾದಲ್ಲಿ ಕಾಣುವ ಹಕ್ಕಿಕೊಕ್ಕಿನಂಥ ಆಕಾರ ಇಲ್ಲಿಲ್ಲ. ಬೇರಿಯಂ ಶ್ವಾಸನಾಳಕ್ಕೂ ಹೋಗಿಲ್ಲ.

ನಯವಾದ ಅಂಚು ಒಳ್ಳೆಯ ಗುರುತೇ, ಆದರೆ ಗಂಟು-ಕ್ಯಾನ್ಸರ್ ಇಲ್ಲವೆಂದು ಎಕ್ಸ್‌ರೇ ಒಂದನ್ನೇ ನಂಬಿ ಹೇಳಲಾಗದು. ಹಾಗಾಗಿ ಎಂಡೋಸ್ಕೋಪಿ ತಪ್ಪಿಸಬೇಡಿ: ಬಾಯಿಂದ ಕ್ಯಾಮೆರಾ ಕೊಳವೆ ಇಳಿಸಿ, ಕಿರಿದಾದ ಕಡೆಯಿಂದ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತೇವೆ, ಬಲೂನಿನಿಂದ ನಾಳ ಹಿಗ್ಗಿಸಬಹುದು. ಒಂದೇ ಸಲಕ್ಕೆ ಪೂರ್ತಿ ಹಿಗ್ಗಿಸಿದರೆ ನಾಳ ಹರಿದುಹೋಗುವ ಅಪಾಯವಿದೆ, ಎರಡು-ಮೂರು ಸಲ ಬರಬೇಕಾದೀತು. ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುತ್ತಿದ್ದರೆ ಮೊದಲೇ ತಿಳಿಸಿ.

ಅಲ್ಲಿಯವರೆಗೆ ಮುದ್ದೆ ಬಿಟ್ಟು ಅಂಬಲಿ, ಮೆತ್ತಗೆ ಬೆಂದ ಅನ್ನ, ಇಡ್ಲಿಯನ್ನು ಸಾಂಬಾರಿನಲ್ಲಿ ನೆನೆಸಿ ತಿನ್ನಿ. ಹುಳಿ ತಗ್ಗಿಸುವ ಪ್ಯಾಂಟೊಪ್ರಝೋಲ್ 40 ಮಿ.ಗ್ರಾಂ. ಗುಳಿಗೆ ತಿಂಡಿಗೆ ಅರ್ಧ ಗಂಟೆ ಮುಂಚೆ. ತಿಂದ ಮೇಲೆ ನುಂಗಿದರೆ ಪರಿಣಾಮ ಕಡಿಮೆ. ರಾತ್ರಿ ಊಟವಾಗಿ ಮೂರು ಗಂಟೆ ಮಲಗಬೇಡಿ. ಮಂಚದ ತಲೆಭಾಗದ ಕಾಲಿಗೆ 15 ಸೆಂ.ಮೀ. ಇಟ್ಟಿಗೆ ಕೊಡಿ; ದಿಂಬು ಪೇರಿಸಿದರೆ ಹೊಟ್ಟೆ ಮಡಚಿ ರಿಫ್ಲಕ್ಸ್ ಹೆಚ್ಚುತ್ತದೆ. ಮೂಳೆಗೆಂದು ವಾರಕ್ಕೊಮ್ಮೆ ನುಂಗುವ ಗುಳಿಗೆಯಿದ್ದರೆ ನಮ್ಮನ್ನು ಕೇಳದೆ ನುಂಗಬೇಡಿ, ಅಲ್ಲೇ ಸಿಕ್ಕಿ ಹುಣ್ಣು ಮಾಡೀತು.

ಎರಡು-ಮೂರು ದಿನ ಮಲ ಬಿಳಿಯಾಗಿರುತ್ತದೆ, ಅದು ಬೇರಿಯಂ; ಗಟ್ಟಿಯಾಗದಂತೆ ನೀರು ಕುಡಿಯಿರಿ. ಎಂಜಲೂ ಇಳಿಯದಿದ್ದರೆ, ರಕ್ತವಾಂತಿಯಾದರೆ, ಮಲ ಟಾರಿನಂತೆ ಕಪ್ಪಾದರೆ ರಾತ್ರಿಯಾದರೂ ಎಮರ್ಜೆನ್ಸಿಗೆ ಬನ್ನಿ.