ಸೇವಾ ಮುಕ್ತಾಯ ಪತ್ರದ ಕರಡು: ತಿದ್ದುಪಡಿಗಳು ಮತ್ತು ಕಳುಹಿಸಬೇಕಾದ ಪ್ರತಿ

ದಿನಾಂಕ: 31 ಮೇ 2024, ಶುಕ್ರವಾರ
ಇಂದ: ಕಾನೂನು ಮತ್ತು ಅನುಸರಣೆ ವಿಭಾಗ, ಬೆಂಗಳೂರು
ಗೆ: ಮಾನವ ಸಂಪನ್ಮೂಲ ವಿಭಾಗ, ಹುಬ್ಬಳ್ಳಿ ಶಾಖೆ

ಶೋಭಾ ಅವರೇ, ನಮಸ್ಕಾರ.

ಮಹಾಂತೇಶ ಅವರಿಗೆ ಸೋಮವಾರ ಕೊಡಬೇಕಾದ ಪತ್ರದ ಕರಡನ್ನು ಅವರ ನೇಮಕಾತಿ ಒಪ್ಪಂದ, 2021ರ ಬಡ್ತಿ ಪತ್ರ ಮತ್ತು ಲೆಕ್ಕಪತ್ರ ವಿಭಾಗದ ಪಟ್ಟಿಯ ಪಕ್ಕದಲ್ಲಿಟ್ಟು ಓದಿದೆ. ಕಾಗುಣಿತದ ತಪ್ಪುಗಳು ನಾಲ್ಕೈದು ಮಾತ್ರ, ಅವನ್ನು ತಿದ್ದಿದ್ದೇನೆ. ಉಳಿದ ತಪ್ಪುಗಳು ಕಾಗುಣಿತಕ್ಕೆ ಸೇರಿದವಲ್ಲ. ಈ ಪತ್ರ ಹೀಗೆಯೇ ಹೋದರೆ ಖರೀದಿ ವಿಭಾಗ ಬೆಂಗಳೂರಿಗೆ ಸ್ಥಳಾಂತರಗೊಂಡು ಹುದ್ದೆ ರದ್ದಾದವರನ್ನು ನಾವು ದುರ್ನಡತೆಗಾಗಿ ತೆಗೆದುಹಾಕಿದಂತೆ ಆಗುತ್ತದೆ. ಆದ್ದರಿಂದ ಮೊದಲು ಷರತ್ತಿನ ವಿಷಯ.

ಕರಡಿನ ಎರಡನೆಯ ಪ್ಯಾರಾದಲ್ಲಿ ‘ನೇಮಕಾತಿ ಒಪ್ಪಂದದ ಷರತ್ತು 14.3ರ ಅನ್ವಯ ತಮ್ಮನ್ನು ಸೇವೆಯಿಂದ ವಜಾಗೊಳಿಸಲಾಗಿದೆ’ ಎಂದಿದೆ. ಒಪ್ಪಂದವನ್ನು ತೆರೆದು ನೋಡಿ. 14.1 ಪ್ರೊಬೇಷನ್ ಅವಧಿಯವರಿಗೆ, 15 ದಿನಗಳ ನೋಟಿಸ್. 14.2 ಕಾಯಂ ಆದವರಿಗೆ, ನೋಟಿಸ್ ಅಥವಾ ಅದರ ಬದಲಿಗೆ ವೇತನ. 14.3 ಎಂದರೆ ವಿಚಾರಣೆಯಲ್ಲಿ ದುರ್ನಡತೆ ಸಾಬೀತಾದವರನ್ನು ನೋಟಿಸ್ ಇಲ್ಲದೆ ತೆಗೆಯುವ ಷರತ್ತು. ಇಲ್ಲಿ ಆರೋಪವೂ ಇಲ್ಲ, ವಿಚಾರಣೆಯೂ ನಡೆದಿಲ್ಲ. ಬೇಕಾಗಿರುವುದು 14.2. ಒಂದೇ ಅಂಕಿಯ ವ್ಯತ್ಯಾಸ, ಆದರೆ ಮುಂದಿನ ಕಂಪನಿಯವರು ಹಿನ್ನೆಲೆ ಪರಿಶೀಲನೆಗೆ ಈ ಪತ್ರ ಕೇಳಿದರೆ ಮಹಾಂತೇಶ ಅವರು ಏನೆಂದು ವಿವರಿಸಬೇಕು? ಅದೇ ಕಾರಣಕ್ಕೆ ‘ವಜಾ’ ಪದವನ್ನೂ ತೆಗೆದು ‘ಸೇವೆಯನ್ನು ಮುಕ್ತಾಯಗೊಳಿಸಲಾಗುತ್ತಿದೆ’ ಎಂದು ಬರೆದಿದ್ದೇನೆ. ಮೂರನೆಯ ಪ್ಯಾರಾದ ‘ಕಾರ್ಯನಿರ್ವಹಣೆ ತೃಪ್ತಿಕರವಾಗಿಲ್ಲದ ಕಾರಣ’ ಎಂಬ ಸಾಲು ಬಹುಶಃ ಹಳೆಯ ಯಾವುದೋ ಪತ್ರದಿಂದ ಹಾಗೆಯೇ ಉಳಿದುಕೊಂಡದ್ದು. ಕಳೆದ ಎರಡು ವರ್ಷವೂ ಅವರ ವಾರ್ಷಿಕ ಮೌಲ್ಯಮಾಪನ ಚೆನ್ನಾಗಿಯೇ ಇದೆ. ಹಳೆಯ ಪತ್ರದ ಮೇಲೆಯೇ ಹೊಸದನ್ನು ಟೈಪ್ ಮಾಡುವ ಅಭ್ಯಾಸವನ್ನು ನಮ್ಮ ಎಲ್ಲ ಶಾಖೆಗಳೂ ಬಿಡಬೇಕು. ನಾನು ಇದನ್ನು ಎಷ್ಟನೆಯ ಬಾರಿ ಹೇಳುತ್ತಿದ್ದೇನೋ!

14.2 ಎಂದು ತಿದ್ದಿದರೂ ಕೆಲಸ ಮುಗಿಯುವುದಿಲ್ಲ. 2018ರ ಒಪ್ಪಂದದಲ್ಲಿ ನೋಟಿಸ್ ಅವಧಿ 30 ದಿನ. ಅವರು ವ್ಯವಸ್ಥಾಪಕರಾದಾಗ ಕೊಟ್ಟ 1 ಏಪ್ರಿಲ್ 2021ರ ಬಡ್ತಿ ಪತ್ರದ 4ನೆಯ ಪ್ಯಾರಾ ಅದನ್ನು 60 ದಿನಕ್ಕೆ ಏರಿಸಿದೆ. ಕರಡಿನಲ್ಲಿ ಒಂದು ಕಡೆ 30, ಇನ್ನೊಂದು ಕಡೆ 60 ಇದೆ. ಬಡ್ತಿ ಪತ್ರವನ್ನು ಹೆಸರಿಸಿ 60 ಎಂದೇ ಬರೆಯಬೇಕು. ಒಪ್ಪಂದವನ್ನಷ್ಟೇ ಹೆಸರಿಸಿದರೆ ಓದಿದವರು 30 ದಿನ ಎಂದುಕೊಳ್ಳುತ್ತಾರೆ.

ಇನ್ನು ಕೊನೆಯ ದಿನ. ಕರಡಿನಲ್ಲಿ ಮೂರು ಕೊನೆಯ ದಿನಗಳಿವೆ. ವಿಷಯದ ಸಾಲಿನಲ್ಲಿ ‘ತಕ್ಷಣದಿಂದ ಜಾರಿಗೆ ಬರುವಂತೆ’, ಎರಡನೆಯ ಪ್ಯಾರಾದಲ್ಲಿ ‘ಆಗಸ್ಟ್ 3, ಶುಕ್ರವಾರ’, ಕೊನೆಯಲ್ಲಿ ‘ಜೂನ್ 28ರಂದು ಬಿಡುಗಡೆ’. ಆಗಸ್ಟ್ 3 ಶನಿವಾರ. ಲೆಕ್ಕ ಹೀಗಿದೆ: ಪತ್ರ ಕೊಡುವ ದಿನ ಜೂನ್ 3, ಅದನ್ನು ಎಣಿಕೆಗೆ ಸೇರಿಸುವುದಿಲ್ಲ. ಜೂನ್ 4ರಿಂದ 30ರವರೆಗೆ 27 ದಿನ, ಜುಲೈ 31 ದಿನ, ಒಟ್ಟು 58. ಅರವತ್ತನೆಯ ದಿನ ಆಗಸ್ಟ್ 2, ಶುಕ್ರವಾರ. ಪತ್ರವನ್ನು ಸೋಮವಾರವೇ ಕೈಗೆ ಕೊಟ್ಟು ದಿನಾಂಕದೊಂದಿಗೆ ಸಹಿ ಪಡೆಯಿರಿ. ಅವರು ಅಂದು ರಜೆಯಲ್ಲಿದ್ದು ಪತ್ರ ಅಂಚೆಯಲ್ಲಿ ಹೋಗುವುದಾದರೆ ಈ ದಿನಾಂಕಗಳೆಲ್ಲ ಮುಂದಕ್ಕೆ ಹೋಗುತ್ತವೆ. ಆಗ ಪತ್ರವನ್ನು ಕಳುಹಿಸದೆ ನನಗೆ ಫೋನ್ ಮಾಡಿ.

ಜೂನ್ 28 ಎಲ್ಲಿಂದ ಬಂತು ಎಂದು ಶಾಖಾ ಮುಖ್ಯಸ್ಥರನ್ನು ಕೇಳಿದೆ. ಕಡತಗಳ ಹಸ್ತಾಂತರ ಅಷ್ಟರೊಳಗೆ ಮುಗಿಯುತ್ತದೆ, ಆಮೇಲೆ ಕಚೇರಿಗೆ ಬರಬೇಕಾಗಿಲ್ಲ, ಸಂಬಳ ಮಾತ್ರ ನಡೆಯುತ್ತದೆ ಎಂದರು. ಹಾಗಿದ್ದರೆ ಕಚೇರಿಗೆ ಬರುವ ಕೊನೆಯ ದಿನ ಬೇರೆ, ಸೇವೆ ಮುಗಿಯುವ ದಿನ ಬೇರೆ. ಎರಡನ್ನೂ ಬಿಡಿಸಿ ಬರೆಯಬೇಕು. ಭವಿಷ್ಯ ನಿಧಿಯ ದಾಖಲೆಯಲ್ಲಿ ನಿರ್ಗಮನದ ದಿನಾಂಕವಾಗಿ ಆಗಸ್ಟ್ 2 ಹೋಗಬೇಕೇ ಹೊರತು ಜೂನ್ 28 ಅಲ್ಲ. ಇಲ್ಲವಾದರೆ ಜುಲೈ ತಿಂಗಳ ವಂತಿಗೆಗೂ ನಿರ್ಗಮನದ ದಿನಾಂಕಕ್ಕೂ ತಾಳೆಯಾಗದೆ, ಅವರು ಹಣ ವರ್ಗಾಯಿಸಲು ಹೋದಾಗ ತೊಂದರೆಯಾಗುತ್ತದೆ.

ಬಾಕಿಯ ಪ್ಯಾರಾ ಎಲ್ಲಕ್ಕಿಂತ ಕೆಟ್ಟದಾಗಿದೆ, ಕ್ಷಮಿಸಿ. ‘ನಿಮ್ಮ ಎಲ್ಲ ಬಾಕಿಗಳನ್ನು ಪೂರ್ಣವಾಗಿ ಇತ್ಯರ್ಥಪಡಿಸಲಾಗಿದೆ’ ಎಂಬ ವಾಕ್ಯದಲ್ಲಿ ಬಾಕಿ ಯಾರದು? ನಾವು ಕೊಡಬೇಕಾದ ರಜೆ ಹಣವೋ, ಅವರು ಮರಳಿಸಬೇಕಾದ 12,000 ರೂಪಾಯಿ ಮುಂಗಡವೋ? ಎರಡೂ ಅರ್ಥ ಬರುತ್ತದೆ. ಅಲ್ಲದೆ ಒಂದು ರೂಪಾಯಿಯೂ ಹೋಗುವ ಮೊದಲೇ ‘ಇತ್ಯರ್ಥಪಡಿಸಲಾಗಿದೆ’ ಎಂದು ಬರೆಯುವುದು ಸುಳ್ಳು. ‘ಪಾವತಿಸಲಾಗುವುದು’ ಎಂದು ಬದಲಿಸಿ, ಮೊತ್ತ ಮತ್ತು ದಿನಾಂಕ ಹಾಕಿದ್ದೇನೆ.

‘ಗ್ರಾಚ್ಯುಟಿಯನ್ನು ಕಂಪನಿಯ ವಿವೇಚನೆಯಂತೆ ನೀಡಲಾಗುವುದು’ ಎಂಬ ಸಾಲನ್ನು ಪೂರ್ತಿ ತೆಗೆದಿದ್ದೇನೆ. 1972ರ ಗ್ರಾಚ್ಯುಟಿ ಪಾವತಿ ಕಾಯ್ದೆಯಡಿ ಐದು ವರ್ಷ ನಿರಂತರ ಸೇವೆ ಮುಗಿಸಿದವರಿಗೆ ಅದು ಹಕ್ಕು, ನಮ್ಮ ಔದಾರ್ಯವಲ್ಲ. ಲೆಕ್ಕವೂ ತಪ್ಪಿದೆ. ಪಟ್ಟಿಯಲ್ಲಿ 39,000 ರೂಪಾಯಿ ಮೂಲವೇತನವನ್ನು 30ರಿಂದ ಭಾಗಿಸಿ, ಐದು ವರ್ಷಕ್ಕೆ 97,500 ಎಂದು ತೋರಿಸಿದ್ದಾರೆ. ಭಾಗಿಸಬೇಕಾದದ್ದು 26ರಿಂದ. ಅವರು ಸೇರಿದ್ದು 16 ಜುಲೈ 2018ರಂದು, ಆಗಸ್ಟ್ 2ಕ್ಕೆ ಆರು ವರ್ಷ ತುಂಬಿ ಕೆಲವು ದಿನಗಳಾಗಿರುತ್ತವೆ. ಇಂದೇ ಹೋದರೂ ಆರು ತಿಂಗಳಿಗೆ ಮೀರಿದ ಭಾಗವನ್ನು ಪೂರ್ಣ ವರ್ಷವೆಂದು ಎಣಿಸಬೇಕಾದ್ದರಿಂದ ಆರೇ ವರ್ಷ. 39,000ವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ 22,500. ಆರು ವರ್ಷಕ್ಕೆ 1,35,000. ಲೆಕ್ಕಪತ್ರ ವಿಭಾಗದವರಿಗೆ ಪ್ರತ್ಯೇಕವಾಗಿ ಬರೆದಿದ್ದೇನೆ.

ಗ್ರಾಚ್ಯುಟಿಯನ್ನು ‘ನೋ ಡ್ಯೂಸ್ ಪತ್ರ ಸಲ್ಲಿಸಿದ 45 ದಿನಗಳ ಬಳಿಕ’ ಎಂದು ತಡೆದಿಡುವಂತಿಲ್ಲ. ಪಾವತಿಗೆ ಅರ್ಹವಾದ ದಿನದಿಂದ 30 ದಿನಗಳೊಳಗೆ ಹೋಗಬೇಕು, ತಡವಾದರೆ ಬಡ್ಡಿ ಸೇರುತ್ತದೆ. ಮೂವತ್ತನೆಯ ದಿನ ಸೆಪ್ಟೆಂಬರ್ 1, ಭಾನುವಾರ. ಆದ್ದರಿಂದ ಆಗಸ್ಟ್ 30 ಎಂದು ಹಾಕಿದ್ದೇನೆ. ಮುಂಗಡವನ್ನು ಗ್ರಾಚ್ಯುಟಿಯಿಂದ ಮುರಿದುಕೊಳ್ಳುವುದು ಬೇಡ. ಸಂಬಳ ಮತ್ತು ರಜೆ ಹಣದಲ್ಲಿ ಅದಕ್ಕೆ ಬೇಕಾದಷ್ಟು ಇದೆ.

ರಜೆಯ ಬಗ್ಗೆ ಕರಡು ತನ್ನನ್ನು ತಾನೇ ಅಲ್ಲಗಳೆಯುತ್ತದೆ: ಒಂದು ಕಡೆ ಉಳಿದ 22 ದಿನಗಳನ್ನು ನೋಟಿಸ್ ಅವಧಿಗೆ ಹೊಂದಿಸುವುದು, ಮತ್ತೊಂದು ಕಡೆ ಹಣ ಕೊಡುವುದು. ಷರತ್ತು 9.4ರಂತೆ ಹಣ ಕೊಡಬೇಕು. ಹೊಂದಿಸುವ ಸಾಲನ್ನು ಹೊಡೆದು ಹಾಕಿದ್ದೇನೆ.

ಒಂದು ವಿಷಯ ನನ್ನ ಕೈಯಲ್ಲಿ ಇಲ್ಲ. ಅವರ ಹುದ್ದೆಯ ಹೆಸರು ವ್ಯವಸ್ಥಾಪಕ ಎಂದಿದ್ದರೂ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಡಿ ಒಬ್ಬರು ಕಾರ್ಮಿಕರೇ ಅಲ್ಲವೇ ಎಂಬುದನ್ನು ನಿರ್ಧರಿಸುವುದು ಹೆಸರಲ್ಲ, ಅವರು ನಿಜವಾಗಿ ಮಾಡುತ್ತಿದ್ದ ಕೆಲಸ. ಕಾರ್ಮಿಕರೆಂದಾದರೆ ಕಲಂ 25ಎಫ್ ಪ್ರಕಾರ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರವನ್ನೂ ಕೊಡಬೇಕಾಗುತ್ತದೆ. ಅವರ ಕೈಕೆಳಗೆ ನಾಲ್ವರಿದ್ದರು, ಅವರ ರಜೆಗಳನ್ನು ಇವರೇ ಮಂಜೂರು ಮಾಡುತ್ತಿದ್ದರು ಎಂಬ ದಾಖಲೆಗಳನ್ನು ಇಂದು ಸಂಜೆಯೊಳಗೆ ಕಳುಹಿಸಿ, ವಕೀಲರಿಗೆ ತೋರಿಸಿ ನಾಳೆ ಉತ್ತರ ಕೊಡುತ್ತೇನೆ. ಆ ಉತ್ತರ ಬರುವವರೆಗೆ ಪತ್ರಕ್ಕೆ ಸಹಿ ಹಾಕಿಸಬೇಡಿ.

ಸಣ್ಣವು: ಹೆಸರು ಕರಡಿನಲ್ಲಿ ‘ಮಹಂತೇಶ’, ಭವಿಷ್ಯ ನಿಧಿ ದಾಖಲೆಯಲ್ಲಿ ‘ಮಹಾಂತೇಶ’, ಎರಡನೆಯದನ್ನು ಉಳಿಸಿದ್ದೇನೆ. ‘ತಾವು’, ‘ನೀವು’ ಬೆರೆತಿದ್ದವು; ಎಲ್ಲ ಕಡೆ ‘ನೀವು’ ಮಾಡಿದ್ದೇನೆ. ತಿದ್ದಿದ ಪ್ರತಿ ಕೆಳಗಿದೆ, ಇದನ್ನೇ ಲೆಟರ್‌ಹೆಡ್ ಮೇಲೆ ಮುದ್ರಿಸಿ.

ರಾಘವೇಂದ್ರ

———

ದಿನಾಂಕ: 3 ಜೂನ್ 2024

ಶ್ರೀ ಮಹಾಂತೇಶ ಅವರಿಗೆ
ವ್ಯವಸ್ಥಾಪಕರು, ಖರೀದಿ ವಿಭಾಗ
ನೌಕರ ಸಂಖ್ಯೆ 0417, ಹುಬ್ಬಳ್ಳಿ ಶಾಖೆ

ವಿಷಯ: ಹುದ್ದೆ ರದ್ದಾದ ಕಾರಣ ಸೇವಾ ಮುಕ್ತಾಯದ ನೋಟಿಸ್

ಮಾನ್ಯರೇ,

ಹುಬ್ಬಳ್ಳಿ ಶಾಖೆಯ ಖರೀದಿ ವಿಭಾಗವನ್ನು ಬೆಂಗಳೂರಿನ ಕೇಂದ್ರ ಕಚೇರಿಯಲ್ಲಿ ವಿಲೀನಗೊಳಿಸಲಾಗುತ್ತಿದ್ದು, ನೀವು ನಿರ್ವಹಿಸುತ್ತಿರುವ ಹುದ್ದೆ ರದ್ದಾಗುತ್ತಿದೆ. ಈ ಕಾರಣಕ್ಕಾಗಿ, 16 ಜುಲೈ 2018ರ ನೇಮಕಾತಿ ಒಪ್ಪಂದದ ಷರತ್ತು 14.2 ಹಾಗೂ ಅದನ್ನು ತಿದ್ದುಪಡಿ ಮಾಡಿದ 1 ಏಪ್ರಿಲ್ 2021ರ ಬಡ್ತಿ ಪತ್ರದ 4ನೆಯ ಪ್ಯಾರಾದ ಅನ್ವಯ, 60 ದಿನಗಳ ನೋಟಿಸ್ ನೀಡಿ ನಿಮ್ಮ ಸೇವೆಯನ್ನು ಮುಕ್ತಾಯಗೊಳಿಸಲಾಗುತ್ತಿದೆ. ಈ ನಿರ್ಧಾರಕ್ಕೂ ನಿಮ್ಮ ನಡತೆ ಅಥವಾ ಕಾರ್ಯನಿರ್ವಹಣೆಗೂ ಯಾವುದೇ ಸಂಬಂಧವಿಲ್ಲ.

ನೋಟಿಸ್ ಅವಧಿ 4 ಜೂನ್ 2024ರಿಂದ ಆರಂಭವಾಗುತ್ತದೆ. ನಿಮ್ಮ ಸೇವೆಯ ಕೊನೆಯ ದಿನ 2 ಆಗಸ್ಟ್ 2024, ಶುಕ್ರವಾರ. ನೀವು ಕಚೇರಿಗೆ ಹಾಜರಾಗಬೇಕಾದ ಕೊನೆಯ ದಿನ 28 ಜೂನ್ 2024, ಶುಕ್ರವಾರ. ಅಂದಿನೊಳಗೆ ಖರೀದಿ ಕಡತಗಳನ್ನು, ಲ್ಯಾಪ್‌ಟಾಪ್ ಮತ್ತು ಗುರುತಿನ ಚೀಟಿಯನ್ನು ಶಾಖಾ ಮುಖ್ಯಸ್ಥರಿಗೆ ಹಸ್ತಾಂತರಿಸಿ ರಸೀದಿ ಪಡೆಯಬೇಕು. 29 ಜೂನ್‌ನಿಂದ 2 ಆಗಸ್ಟ್‌ವರೆಗೆ ಹಾಜರಾತಿಯಿಂದ ನಿಮಗೆ ವಿನಾಯಿತಿ ಇದ್ದು, ಪೂರ್ಣ ವೇತನ ಮತ್ತು ಭವಿಷ್ಯ ನಿಧಿ ವಂತಿಗೆ ಎಂದಿನಂತೆ ಮುಂದುವರಿಯುತ್ತವೆ.

ಜೂನ್ ಮತ್ತು ಜುಲೈ ತಿಂಗಳ ವೇತನವನ್ನು ಆಯಾ ತಿಂಗಳ ವೇತನದ ದಿನದಂದು ನೀಡಲಾಗುವುದು. ಇವಲ್ಲದೆ ಕಂಪನಿಯು ನಿಮಗೆ ಈ ಕೆಳಗಿನ ಮೊತ್ತಗಳನ್ನು ನಿಮ್ಮ ವೇತನ ಖಾತೆಗೆ ಪಾವತಿಸಲಿದೆ.

ಆಗಸ್ಟ್ 1 ಮತ್ತು 2ರ ವೇತನ ರೂ. 5,032, ಷರತ್ತು 9.4ರ ಅನ್ವಯ 22 ದಿನಗಳ ಗಳಿಕೆ ರಜೆಯ ನಗದೀಕರಣ, ದಿನಕ್ಕೆ ರೂ. 1,500ರಂತೆ, ರೂ. 33,000. ಇವುಗಳ ಒಟ್ಟು ಮೊತ್ತದಿಂದ, ನೀವು ಕಂಪನಿಗೆ ಮರಳಿಸಬೇಕಾಗಿರುವ ವೇತನ ಮುಂಗಡ ರೂ. 12,000 ಕಳೆದು, ಉಳಿದ ರೂ. 26,032 (ಇಪ್ಪತ್ತಾರು ಸಾವಿರದ ಮೂವತ್ತೆರಡು ರೂಪಾಯಿ), ಕಾನೂನುಬದ್ಧ ಕಡಿತಗಳಿಗೆ ಒಳಪಟ್ಟು, 7 ಆಗಸ್ಟ್ 2024ರೊಳಗೆ ಪಾವತಿಯಾಗುವುದು.

ಆರು ವರ್ಷಗಳ ಸೇವೆಗೆ ಗ್ರಾಚ್ಯುಟಿ ರೂ. 1,35,000 (ಒಂದು ಲಕ್ಷದ ಮೂವತ್ತೈದು ಸಾವಿರ ರೂಪಾಯಿ) 30 ಆಗಸ್ಟ್ 2024ರೊಳಗೆ ಪಾವತಿಯಾಗುವುದು. ಮುಂಗಡದ ಮೊತ್ತವನ್ನು ಇದರಿಂದ ಕಡಿತಗೊಳಿಸುವುದಿಲ್ಲ.

ಭವಿಷ್ಯ ನಿಧಿ ದಾಖಲೆಯಲ್ಲಿ ನಿರ್ಗಮನದ ದಿನಾಂಕವನ್ನು 2 ಆಗಸ್ಟ್ 2024 ಎಂದು ನಮೂದಿಸಲಾಗುವುದು. ಸೇವಾ ಪ್ರಮಾಣಪತ್ರ ಮತ್ತು ಲೆಕ್ಕದ ವಿವರಪಟ್ಟಿಯನ್ನು ಅದೇ ದಿನ ನಿಮಗೆ ನೀಡಲಾಗುವುದು. ಲೆಕ್ಕದಲ್ಲಿ ವ್ಯತ್ಯಾಸ ಕಂಡುಬಂದರೆ ಮಾನವ ಸಂಪನ್ಮೂಲ ವಿಭಾಗಕ್ಕೆ ಬರವಣಿಗೆಯಲ್ಲಿ ತಿಳಿಸಿ.

ಆರು ವರ್ಷಗಳ ನಿಮ್ಮ ಸೇವೆಗೆ ಕಂಪನಿ ಕೃತಜ್ಞವಾಗಿದೆ.

ಇಂತಿ,
ಮುಖ್ಯಸ್ಥರು, ಮಾನವ ಸಂಪನ್ಮೂಲ ವಿಭಾಗ

ಸ್ವೀಕೃತಿ: ಈ ಪತ್ರದ ಮೂಲ ಪ್ರತಿಯನ್ನು 3 ಜೂನ್ 2024ರಂದು ಪಡೆದಿದ್ದೇನೆ. ಈ ಸಹಿ ಪತ್ರ ತಲುಪಿದ್ದಕ್ಕೆ ಮಾತ್ರ. ಇದರಲ್ಲಿರುವ ಲೆಕ್ಕಕ್ಕೆ ನನ್ನ ಒಪ್ಪಿಗೆ ಎಂದು ಇದನ್ನು ಪರಿಗಣಿಸತಕ್ಕದ್ದಲ್ಲ.

ಮಹಾಂತೇಶ, ನೌಕರ ಸಂಖ್ಯೆ 0417