ಆನ್‌ಲೈನ್ ಬೆಲೆ ನಿಯಮಗಳು: ತೀರ್ಥಹಳ್ಳಿ ಗೋದಾಮು

ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ, ಅಡಿಕೆ ಹಾಳೆ ತಟ್ಟೆ ಮೂರಕ್ಕೂ ಅನ್ವಯ. ಸಾಫ್ಟ್‌ವೇರ್ ಬೆಲೆ ಏರಿಸಲಿ ಇಳಿಸಲಿ, ಇಲ್ಲಿನ ಗೆರೆ ದಾಟಬಾರದು.

ತಳಬೆಲೆ. ಇದಕ್ಕಿಂತ ಒಂದು ರೂಪಾಯಿ ಕಡಿಮೆಗೂ ಮಾಲು ಹೋಗಕೂಡದು. 250 ಗ್ರಾಂ ಕಾಳುಮೆಣಸಿನ ಲೆಕ್ಕ: ಮೆಣಸು ₹180, ಪೌಚ್ ಮತ್ತು ಲೇಬಲ್ ₹9, ಡಬ್ಬ ಮತ್ತು ಟೇಪ್ ₹11, ಕೊರಿಯರ್ ₹62, ರಿಟರ್ನ್ ಬಾಬ್ತು ₹8. ಅಸಲು ₹270, ಕನಿಷ್ಠ ಲಾಭ ₹15. ಮಾರಾಟ ತಾಣದ ಕಮಿಷನ್ ಶೇ 12, ಅದರ ಮೇಲೆ ಜಿಎಸ್‌ಟಿ ಶೇ 18, ಎರಡೂ ಸೇರಿ ಶೇ 14.16. ಮೆಣಸಿನ ಶೇ 5 ಜಿಎಸ್‌ಟಿ ಮಾರಾಟ ಬೆಲೆಯೊಳಗೇ ಇದೆ, ಅಂದರೆ ಆ ಬೆಲೆಯ 5/105 ಪಾಲು, ಶೇ 4.76.

```
floor = (270 + 15) / (1 - 0.1416 - 0.0476)
```

ಬರುವುದು 351.50, ಯಾವಾಗಲೂ ಮೇಲಕ್ಕೇ ಸರಿಪಡಿಸಿ, ₹352. ಅಸಲಿನ ಮೇಲೆ ಶೇಕಡಾ ಕೂಡಿಸಿ ತಳಬೆಲೆ ಕಟ್ಟಬೇಡಿ. ಕಮಿಷನ್ ಕಡಿತವಾಗುವುದು ಮಾರಿದ ಬೆಲೆಯ ಮೇಲೆ, ಅದಕ್ಕೇ ಭಾಗಾಕಾರ. ಕಮಿಷನ್ ಮೇಲಿನ ಜಿಎಸ್‌ಟಿ ಕ್ರೆಡಿಟ್ ಆಗಿ ಸಿಗುತ್ತದೆ ನಿಜ, ಆದರೂ ಇಲ್ಲಿ ಅದನ್ನು ಖರ್ಚೆಂದೇ ಹಿಡಿಯಬೇಕು.

ಮೆಣಸಿನ ದರ ಹಾಕುವಾಗ ನಮ್ಮ ಹಳೇ ಲಾಟಿನ ಖರೀದಿ ದರ, ಇವತ್ತಿನ ಮಾರುಕಟ್ಟೆ ದರ ಎರಡರಲ್ಲಿ ಹೆಚ್ಚಿನದು. ಅಗ್ಗದಲ್ಲಿ ಕೊಂಡದ್ದನ್ನು ಅಗ್ಗಕ್ಕೇ ಮಾರಿದರೆ ಮುಂದಿನ ಮೂಟೆಗೆ ದುಡ್ಡು ಸಾಲುವುದಿಲ್ಲ. ಕೂಪನ್ ಇದ್ದರೆ ಅದನ್ನು ಕಳೆದ ಮೇಲೆ ಉಳಿಯುವ ಬೆಲೆಯೇ ತಳಬೆಲೆಗಿಂತ ಮೇಲಿರಬೇಕು.

ಮೇಲ್ಮಿತಿ. ಇದೇ 250 ಗ್ರಾಂ ಕಾಳುಮೆಣಸಿಗೆ ₹430. ಪೊಟ್ಟಣದ ಎಂಆರ್‌ಪಿ ₹450. ಅದನ್ನು ಮೀರಿ ಮಾರುವುದು ಕಾನೂನಿಗೆ ವಿರುದ್ಧ. ಎದುರಾಳಿಯ ಸ್ಟಾಕ್ ಖಾಲಿಯಾದರೂ ಇದು ಬದಲಾಗದು.

ಪೈಪೋಟಿ. ಗ್ರಾಂ ಲೆಕ್ಕದಲ್ಲೇ ಹೋಲಿಕೆ. ಅವರ 200 ಗ್ರಾಂ ಪೊಟ್ಟಣದ ಎದುರು ನಮ್ಮ 250 ಇಡಬಾರದು. ₹1 ಕಡಿಮೆ ಸಾಕು. ಅವರು ನಮ್ಮ ತಳಬೆಲೆಗಿಂತ ಕೆಳಗೆ ಹೋದರೆ ಬೆನ್ನಟ್ಟದೆ ಮೇಲ್ಮಿತಿಗೆ ಹೋಗಿ. ತಳದಲ್ಲೇ ಕಚ್ಚಿಕೊಂಡು ಕೂತರೆ ಆರ್ಡರೂ ಇಲ್ಲ, ಲಾಭವೂ ಇಲ್ಲ.

ತಡೆ. ಈ ಸಂದರ್ಭಗಳಲ್ಲಿ ಬೆಲೆ ಬದಲಾವಣೆ ತಂತಾನೆ ನಿಲ್ಲಬೇಕು:

- ಒಂದೇ ದಿನ ಒಂದು ಮಾಲಿನ ಬೆಲೆ 4 ಸಲ ಇಳಿದರೆ. ಎರಡು ಸಾಫ್ಟ್‌ವೇರ್‌ಗಳು ಒಂದನ್ನೊಂದು ಎಳೆಯುತ್ತಿವೆ ಎಂದರ್ಥ.
- ಎದುರಾಳಿಯ ಬೆಲೆ 2 ಗಂಟೆಗಿಂತ ಹಳೆಯದಾದರೆ.
- ಅಸಲಿನ ಯಾವುದಾದರೂ ಕಲಂ ಖಾಲಿ ಅಥವಾ ಸೊನ್ನೆ ಇದ್ದರೆ. ಸೊನ್ನೆ ಇದ್ದಾಗ ತಳಬೆಲೆ ಕುಸಿಯುತ್ತದೆ, ಪರದೆಯ ಮೇಲೆ ಎಲ್ಲವೂ ಸರಿಯಾಗೇ ಕಾಣುತ್ತದೆ.
- ಖರೀದಿ ದರ ಅಥವಾ ಕೊರಿಯರ್ ದರ ಶೇ 5ಕ್ಕಿಂತ ಹೆಚ್ಚು ಬದಲಾದರೆ.
- ಸ್ಟಾಕ್ 10ಕ್ಕಿಂತ ಕಡಿಮೆಯಾದರೆ.

ತಡೆ ಬಿದ್ದಾಗ ಬೆಲೆ ಇದ್ದಲ್ಲೇ ನಿಲ್ಲಬಾರದು, ಮೇಲ್ಮಿತಿಗೆ ಏರಬೇಕು. ತಳಬೆಲೆಯೇ ಮೇಲ್ಮಿತಿ ದಾಟಿದರೆ ಲಿಸ್ಟಿಂಗ್ ಮುಚ್ಚಿ. ಮಳೆಗಾಲದಲ್ಲಿ ರಸ್ತೆ ಬಂದ್ ಆಗಿ ಪಿಕಪ್ ಬಾರದಿದ್ದರೂ ಮುಚ್ಚುವುದೇ ಸರಿ. ಬೆಲೆ ಏರಿಸಿದರೆ ಆರ್ಡರ್ ಬಾರದೆಂಬ ಖಾತ್ರಿ ಇಲ್ಲ.

ತಡೆ ತೆಗೆಯುವುದು ಲೆಕ್ಕ ನೋಡುವವರ ಕೆಲಸ. ಕಾರಣವನ್ನು ಪುಸ್ತಕದಲ್ಲಿ ಬರೆದು, ತಳಬೆಲೆ ಹೊಸದಾಗಿ ಹಾಕಿದ ಮೇಲಷ್ಟೇ ಚಾಲೂ ಮಾಡಬೇಕು.