ಹೂಮಳೆ ಮತ್ತು ನೆರಳು: ಧ್ವನಿಮುದ್ರಿತ ಪಾಠದಿಂದ ತೆಗೆದ ಕಿರು ಉತ್ತರ ಪ್ರಶ್ನೆಗಳು ಮತ್ತು ಅಂಕಸೂಚಿ

ತರಗತಿ: ಪದವಿ 4ನೇ ಸೆಮಿಸ್ಟರ್, ತೋಟಗಾರಿಕೆ ಐಚ್ಛಿಕ ವಿಷಯ
ಪಾಠ: ಕಾಫಿ ಬೆಳೆ, 48 ನಿಮಿಷದ ಧ್ವನಿಮುದ್ರಣ
ಒಟ್ಟು ಅಂಕ: 20. ಸಮಯ: 40 ನಿಮಿಷ

ಮೌಲ್ಯಮಾಪನ ಮಾಡುವವರಿಗೆ

ವಿರಾಜಪೇಟೆಯ ತರಗತಿಯಲ್ಲಿ ಮುದ್ರಿಸಿಕೊಂಡ ಪಾಠವನ್ನು ಬರಹಕ್ಕೆ ಇಳಿಸಿ, ಆ ಬರಹದಿಂದಲೇ ಈ ಐದು ಪ್ರಶ್ನೆಗಳನ್ನು ತೆಗೆದಿದ್ದೇನೆ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಪಾಠದ ಯಾವ ನಿಮಿಷ ಎಂದು ಹಾಕಿದ್ದೇನೆ. ಅನುಮಾನ ಬಂದರೆ ಅಲ್ಲಿಗೆ ಹೋಗಿ ಕೇಳಿ, ಪುಸ್ತಕ ತೆರೆಯಬೇಡಿ. ಪಾಠದಲ್ಲಿ ಹೇಳದ್ದನ್ನು ವಿದ್ಯಾರ್ಥಿ ಬರೆದಿಲ್ಲ ಎಂದು ಅಂಕ ಕಳೆಯುವ ಹಾಗಿಲ್ಲ.

ನಮ್ಮ ಮಕ್ಕಳಲ್ಲಿ ಅರ್ಧಕ್ಕರ್ಧ ತೋಟದ ಮನೆಯವರು, ಇಲ್ಲವೇ ಲೈನ್ ಮನೆಗಳಿಂದ ಬರುವವರು. ಅವರಿಗೆ ಬೋರರ್, ಕಪಾತು, ಹೂಮಳೆ ಎಲ್ಲ ಗೊತ್ತು. ಪಠ್ಯದ ಪದ ಬಳಸಲಿಲ್ಲ ಎಂಬ ಕಾರಣಕ್ಕೆ ಅಂಥವರು ಅಂಕ ಕಳೆದುಕೊಳ್ಳಬಾರದು. ಕಾಂಡಕೊರಕ ಎನ್ನುವ ಬದಲು ಬೋರರ್ ಎಂದರೂ, ಸುಪ್ತಾವಸ್ಥೆ ಎನ್ನುವ ಬದಲು ಮೊಗ್ಗು ಮಲಗಿರುತ್ತದೆ ಎಂದರೂ ಪೂರ್ತಿ ಅಂಕ. ಆದರೆ ಏನಾಗುತ್ತದೆ ಎಂದಷ್ಟೇ ಬರೆದು ಯಾಕೆ ಎಂಬುದನ್ನು ಬಿಟ್ಟರೆ ಆ ಕಾರಣದ ಅಂಕ ಸಿಗುವುದಿಲ್ಲ. ಈ ಪತ್ರಿಕೆ ಅಳೆಯುವುದು ಕಾರಣವನ್ನೇ.

ಪಾಠದ 41ನೇ ನಿಮಿಷದಿಂದ 2018ರ ಆಗಸ್ಟ್‌ನ ಭೂಕುಸಿತದ ಮಾತು ಬರುತ್ತದೆ. ಮಕ್ಕಂದೂರು, ಜೋಡುಪಾಲದ ಉದಾಹರಣೆಗಳೂ ಇವೆ. ಅದರಿಂದ ಪ್ರಶ್ನೆ ತೆಗೆದಿಲ್ಲ. ಮನೆ, ತೋಟ ಕಳೆದುಕೊಂಡ ಕುಟುಂಬದ ಮಕ್ಕಳು ಕೂತಿರುವ ಕೊಠಡಿಯಲ್ಲಿ ಅದನ್ನು ಮೂರು ಅಂಕದ ಉತ್ತರವಾಗಿ ಬರೆಸಲು ನನಗೆ ಮನಸ್ಸಾಗಲಿಲ್ಲ. ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ, ಚೆಟ್ಟಳ್ಳಿಯ ಉಪಕೇಂದ್ರಗಳ ಇತಿಹಾಸವನ್ನೂ ಬಿಟ್ಟಿದ್ದೇನೆ. ಉಪನ್ಯಾಸಕರು ಅದನ್ನು ದಾರಿಯಲ್ಲಿ ಹೇಳಿ ಮುಂದೆ ಹೋಗಿದ್ದಾರೆ.

ಪ್ರಶ್ನೆ 1 (2 ಅಂಕ, ಪಾಠ 6ನೇ ನಿಮಿಷ)

ಹೂಮಳೆ ಬಿದ್ದ ಮೇಲೆ ರೋಬಸ್ಟಾ ಎಷ್ಟು ದಿನಕ್ಕೆ ಅರಳುತ್ತದೆ? ಅರೇಬಿಕಾ ಎಷ್ಟು ದಿನಕ್ಕೆ?

ರೋಬಸ್ಟಾ ಸುಮಾರು 7–8 ದಿನ, 1 ಅಂಕ. ಅರೇಬಿಕಾ ಸುಮಾರು 9–10 ದಿನ, 1 ಅಂಕ. ರೋಬಸ್ಟಾಕ್ಕೆ "ಒಂದು ವಾರ" ಎಂದರೂ ಸರಿ. "ಎರಡೂ ಒಂದು ವಾರಕ್ಕೆ ಅರಳುತ್ತವೆ" ಎಂದವರಿಗೆ 1. ದಿನದ ಲೆಕ್ಕ ಇಲ್ಲದೆ "ಅರೇಬಿಕಾ ತಡ" ಎಂದು ಮಾತ್ರ ಬರೆದವರಿಗೆ ಅರ್ಧ ಅಂಕ ಕೊಡಿ.

ಪ್ರಶ್ನೆ 2 (5 ಅಂಕ, ಪಾಠ 8ರಿಂದ 15ನೇ ನಿಮಿಷ)

ಜನವರಿಯಲ್ಲಿ ಚೆನ್ನಾಗಿ ಒಣಹವೆ ಇತ್ತು. ಫೆಬ್ರವರಿ ಕೊನೆಯಲ್ಲಿ ಒಂದು ತೋಟಕ್ಕೆ ಬರೀ ಮಣ್ಣಿನ ಮೇಲ್ಪದರ ನೆನೆಯುವಷ್ಟು ಹನಿ ಬಿತ್ತು. ಪಕ್ಕದ ತೋಟಕ್ಕೆ ಒಂದೂವರೆ ಇಂಚಿನಷ್ಟು ಮಳೆ ಬಿತ್ತು. ಎರಡು ವಾರ ಕಳೆದರೂ ಮತ್ತೆ ಮಳೆ ಇಲ್ಲ. ಎರಡೂ ತೋಟದ ರೋಬಸ್ಟಾ ಹೂವಿಗೆ ಏನಾಗುತ್ತದೆ, ಯಾಕೆ? ಬೆಳೆಗಾರರು ಈಗ ಏನು ಮಾಡಬೇಕು?

ಇದಕ್ಕೆ ಆಧಾರವಾದ ಮಾತು ಬರಹದಲ್ಲಿ ಹೀಗಿದೆ:

"ಮೊಗ್ಗು ತಯಾರಾಗಿರ್ತದೆ, ಆದ್ರೆ ಮಲಗಿರ್ತದೆ. ಅದಕ್ಕೆ ಮೊದಲು ಬಾಯಾರಿಕೆ ಆಗ್ಬೇಕು. ಆಮೇಲೆ ಒಂದೇ ಸಲ ಹೊಟ್ಟೆ ತುಂಬ ನೀರು ಸಿಗ್ಬೇಕು. ಹನಿ ಬಿದ್ರೆ ಏನಾಗ್ತದೆ? ಅರ್ಧ ಎದ್ದು ಅಲ್ಲೇ ಒಣಗ್ತದೆ. ಅದು ಮಳೆ ಬಾರದೇ ಇದ್ದದ್ದಕ್ಕಿಂತ ಕೆಟ್ಟದ್ದು, ಬರ್ಕೊಳ್ಳಿ."

ನಿರೀಕ್ಷಿತ ಅಂಶಗಳು:

- ಒಣಹವೆಯಲ್ಲಿ ಮೊಗ್ಗು ಸುಪ್ತವಾಗಿರುತ್ತದೆ. ನೀರಿನ ಕೊರತೆಯ ನಂತರ ಸಿಗುವ ಮಳೆ ಆ ಸ್ಥಿತಿಯನ್ನು ಮುರಿಯುತ್ತದೆ (1½)
- ಸಾಲದ ಮಳೆಗೆ ಮೊಗ್ಗು ಪೂರ್ತಿ ಅರಳದೆ ಅರೆಬರೆಯಾಗಿ ಒಣಗುತ್ತದೆ (1)
- ಸಾಕಷ್ಟು ಮಳೆ ಬಿದ್ದಲ್ಲಿ ಹೂವು ಒಟ್ಟಿಗೆ ಅರಳುತ್ತದೆ, ಆದರೆ ಆ ಹೂವು ಕಾಯಿ ಕಟ್ಟಿ ನಿಲ್ಲಲು ಸುಮಾರು 15–20 ದಿನದೊಳಗೆ ಇನ್ನೊಂದು ಮಳೆ ಬೇಕು (1½)
- ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ನೀರು (1)

ಕೊನೆಯ ಅಂಶವನ್ನು ಎಲ್ಲರೂ ಬರೆಯುತ್ತಾರೆ. ಅದಕ್ಕೆ 1 ಅಂಕ ಮಾತ್ರ. "ಮಳೆ ಬಂದರೆ ಹೂ ಬರುತ್ತದೆ, ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು" ಎಂಬ ಉತ್ತರಕ್ಕೆ 1ಕ್ಕಿಂತ ಹೆಚ್ಚು ಕೊಡಬೇಡಿ, ಎಷ್ಟೇ ಅಂದವಾಗಿ ಬರೆದಿದ್ದರೂ. "ಹನಿ ಬಿದ್ದ ತೋಟಕ್ಕೆ ಕೂಡಲೇ ನೀರು ಕೊಟ್ಟಿದ್ದರೆ ಮೊಗ್ಗು ಉಳಿಯುತ್ತಿತ್ತು" ಎಂದು ಯಾರಾದರೂ ಬರೆದರೆ ಅವರಿಗೆ ವಿಷಯ ಅರ್ಥವಾಗಿದೆ. ಎರಡನೇ ಮತ್ತು ನಾಲ್ಕನೇ ಅಂಶದ ಅಂಕ ಎರಡನ್ನೂ ಕೊಡಿ. ಎರಡನೇ ಮಳೆಗೆ ಬ್ಯಾಕಿಂಗ್ ಮಳೆ, ಕಾಯಿ ಕಟ್ಟುವ ಮಳೆ ಎಂದು ಹೇಗೆ ಕರೆದರೂ ಆದೀತು. ಮಳೆಯ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆಯಬೇಕೆಂದಿಲ್ಲ.

ಪ್ರಶ್ನೆ 3 (4 ಅಂಕ; ಪಾಠ 17ರಿಂದ 22ನೇ ನಿಮಿಷ)

ಒಬ್ಬರು ಒಂದೇ ತಳಿಯ ಅರೇಬಿಕಾ ನೆಟ್ಟಿದ್ದಾರೆ. ಇನ್ನೊಬ್ಬರು ಒಂದೇ ತಾಯಿಗಿಡದ ಕಸಿಯಿಂದ ಬಂದ ರೋಬಸ್ಟಾವನ್ನು ಮಾತ್ರ ನೆಟ್ಟಿದ್ದಾರೆ, ಸುತ್ತಮುತ್ತ ಬೇರೆ ರೋಬಸ್ಟಾ ಇಲ್ಲ. ಇಬ್ಬರ ತೋಟದಲ್ಲೂ ಹೂ ಚೆನ್ನಾಗಿದೆ. ಯಾರಿಗೆ ಕಾಯಿ ಕಡಿಮೆಯಾಗಬಹುದು, ಯಾಕೆ? ಹೂ ಅರಳಿದ ದಿನವೇ ಜೋರು ಮಳೆ ಬಂದರೆ ಏನು ತೊಂದರೆ?

ಇಲ್ಲಿ ಒಂದು ಎಚ್ಚರ. 17ನೇ ನಿಮಿಷದಲ್ಲಿ ಉಪನ್ಯಾಸಕರು ಮಾತಿನ ಭರದಲ್ಲಿ "ರೋಬಸ್ಟಾ ತನ್ನಷ್ಟಕ್ಕೇ ಪರಾಗಸ್ಪರ್ಶ ಮಾಡ್ಕೊಳ್ತದೆ" ಎಂದುಬಿಟ್ಟಿದ್ದಾರೆ. 19ನೇ ನಿಮಿಷದಲ್ಲಿ "ಅಲ್ಲ ಅಲ್ಲ, ಅದು ಅರೇಬಿಕಾ" ಎಂದು ತಿದ್ದಿದ್ದಾರೆ. ಬರಹದಲ್ಲಿ ಎರಡೂ ಮಾತು ಇವೆ, ಹಾಗಾಗಿ ಮೊದಲಿನದನ್ನಷ್ಟೇ ಓದಿಕೊಂಡು ಬಂದ ವಿದ್ಯಾರ್ಥಿ ತಿರುವುಮುರುವಾಗಿ ಬರೆದಾನು. ಅಂಥ ಉತ್ತರದಲ್ಲಿ ಮೊದಲ ಅಂಶಕ್ಕೆ ಅಂಕವಿಲ್ಲ. ಸ್ವಪರಾಗಸ್ಪರ್ಶ, ಪರಪರಾಗಸ್ಪರ್ಶದ ವ್ಯತ್ಯಾಸವನ್ನು ಸರಿಯಾಗಿ ವಿವರಿಸಿದ್ದರೆ 1 ಅಂಕ ಕೊಡಿ. ತಪ್ಪು ಅವರದಲ್ಲದಿದ್ದರೂ ತೋಟಕ್ಕೆ ಇಳಿದಾಗ ನಷ್ಟ ಅವರದೇ ಆಗುವುದರಿಂದ ಪೂರ್ತಿ ಅಂಕ ಕೊಡಲು ಬರುವುದಿಲ್ಲ. ಉತ್ತರಪತ್ರಿಕೆಯ ಅಂಚಿನಲ್ಲಿ "19ನೇ ನಿಮಿಷ ಕೇಳು" ಎಂದು ಬರೆಯಿರಿ.

ಅಂಶಗಳು: ಕಾಯಿ ಕಡಿಮೆಯಾಗುವುದು ರೋಬಸ್ಟಾ ತೋಟದವರಿಗೆ (1). ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟುವುದಿಲ್ಲ, ಒಂದೇ ಗಿಡದ ಕಸಿಗಳೆಲ್ಲ ಒಂದೇ ಗಿಡವಿದ್ದಂತೆ, ಬೇರೆ ಗಿಡದ ಪರಾಗ ಬೇಕು (1½). ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು (½). ಅರಳಿದ ದಿನದ ಮಳೆ ಪರಾಗವನ್ನು ತೊಳೆದುಬಿಡುತ್ತದೆ. ಗಾಳಿ, ಜೇನುನೊಣಗಳ ಕೆಲಸ ನಿಲ್ಲುತ್ತದೆ. ಪೆಟ್ಟು ಹೆಚ್ಚು ಬೀಳುವುದು ರೋಬಸ್ಟಾಕ್ಕೆ (1).

ಜೇನು ಪೆಟ್ಟಿಗೆ ಇಡುವ ವಿಷಯ ಯಾರಾದರೂ ಬರೆದರೆ ಸಂತೋಷ, ಆದರೆ ಅದಕ್ಕೆ ಬೇರೆ ಅಂಕ ಇಟ್ಟಿಲ್ಲ.

ಪ್ರಶ್ನೆ 4 (6 ಅಂಕ, ಪಾಠ 25ರಿಂದ 37ನೇ ನಿಮಿಷ)

ಸುಂಟಿಕೊಪ್ಪದ ಬಳಿ ಒಬ್ಬ ಬೆಳೆಗಾರರ ಅರೇಬಿಕಾ ತೋಟ. ಹಾಲುವಾಣ, ಅತ್ತಿ, ಹಲಸಿನ ಮಿಶ್ರ ನೆರಳಿತ್ತು. ಮಳೆಗಾಲದಲ್ಲಿ ಕೊಳೆರೋಗ ಬರುತ್ತದೆಂದು ಅವರು ಮಾರ್ಚ್‌ನಲ್ಲಿ ನೆರಳನ್ನು ತುಂಬ ಬೋಳಿಸಿದರು. ಈಗ ಕಾಫಿ ಕಾಂಡದ ಮೇಲೆ ನೇರ ಬಿಸಿಲು ಬೀಳುತ್ತಿದೆ. ಅವರ ಯೋಚನೆಯಲ್ಲಿ ಸರಿ ಇದ್ದದ್ದೇನು? ಅದರಿಂದ ಆಗುವ ಅಪಾಯವೇನು? ಈ ವರ್ಷ ಅವರು ಏನು ಮಾಡಬೇಕು?

ಪತ್ರಿಕೆಯಲ್ಲಿ ಅತಿ ಹೆಚ್ಚು ಅಂಕ ಇದಕ್ಕೇ, ಯಾಕೆಂದರೆ ಇದು ಎರಡೂ ಬದಿಗೆ ಎಳೆಯುವ ಪ್ರಶ್ನೆ. ನೆರಳು ಒಳ್ಳೆಯದು ಎಂದು ಮಾತ್ರ ಬರೆದವರೂ, ಬಿಸಿಲು ಬೇಕು ಎಂದು ಮಾತ್ರ ಬರೆದವರೂ ಪಾಠದ ಅರ್ಧವನ್ನಷ್ಟೇ ಹಿಡಿದಿದ್ದಾರೆ. ಒಂದೇ ಬದಿ ಬರೆದ ಉತ್ತರಕ್ಕೆ 3ಕ್ಕಿಂತ ಮೇಲೆ ಹೋಗಬೇಡಿ.

- ಮಳೆಗಾಲಕ್ಕೆ ಮುಂಚೆ ನೆರಳು ಹದ ಮಾಡಿದರೆ ಗಾಳಿ, ಬೆಳಕು ಆಡುತ್ತದೆ, ತೇವ ನಿಲ್ಲುವುದಿಲ್ಲ, ಕೊಳೆರೋಗ ಕಡಿಮೆಯಾಗುತ್ತದೆ. ಅಷ್ಟರ ಮಟ್ಟಿಗೆ ಅವರು ಸರಿ (1½)
- ಬಿಳಿ ಕಾಂಡಕೊರಕದ ಹೆಣ್ಣು ದುಂಬಿ ಬಿಸಿಲು ಬಿದ್ದ ಕಾಂಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಬೋಳಿಸಿದ ತೋಟ ಅದಕ್ಕೆ ಅನುಕೂಲ (2)
- ದುಂಬಿ ಹಾರುವ ಕಾಲ ಏಪ್ರಿಲ್–ಮೇ, ಮತ್ತೆ ಅಕ್ಟೋಬರ್–ಡಿಸೆಂಬರ್. ಮಾರ್ಚ್‌ನಲ್ಲಿ ಬೋಳಿಸಿದ್ದು ಸರಿಯಾಗಿ ಅದರ ಹೊತ್ತಿಗೆ ಆಯಿತು (1)
- ಈ ವರ್ಷಕ್ಕೆ: ಸಡಿಲ ತೊಗಟೆ ಉಜ್ಜಿ ತೆಗೆಯುವುದು, ಕಾಂಡಕ್ಕೆ ಸುಣ್ಣ ಹಚ್ಚುವುದು, ಹುಳ ಹೊಕ್ಕ ಗಿಡ ಗುರುತಿಸಿ ಕಿತ್ತು ಸುಡುವುದು, ಬಲೆ ಇಡುವುದು, ನೆರಳು ಮತ್ತೆ ಬರಿಸುವುದು. ಯಾವುದಾದರೂ ಎರಡು (1½)

ತಿಂಗಳ ಹೆಸರು ತಪ್ಪಿದರೂ "ಹುಳ ಹಾರುವ ಕಾಲಕ್ಕೆ ಮುಂಚೆಯೇ ನೆರಳು ತೆಗೆದದ್ದು ತಪ್ಪಾಯಿತು" ಎಂಬ ತರ್ಕ ಇದ್ದರೆ ಮೂರನೇ ಅಂಶಕ್ಕೆ ½ ಕೊಡಿ. ರೋಬಸ್ಟಾಕ್ಕೆ ಬದಲಾಯಿಸಿದರೆ ಈ ಹುಳದ ಕಾಟ ಇರುವುದಿಲ್ಲ ಎಂದು ಕೆಲವರು ಬರೆಯುವುದುಂಟು. ಮಾತು ನಿಜವೇ, ಪಾಠದ 36ನೇ ನಿಮಿಷದಲ್ಲಿ ಇದೆ. ಆದರೆ ಕೇಳಿದ್ದು ಈ ವರ್ಷದ ಕೆಲಸ, ಹಾಗಾಗಿ ಅದನ್ನು ನಾಲ್ಕನೇ ಅಂಶದ ಎರಡರಲ್ಲಿ ಒಂದಾಗಿ ಎಣಿಸಬೇಡಿ. "ಔಷಧಿ ಹೊಡೆಯಬೇಕು" ಎಂದು ಸುಮ್ಮನೆ ಬರೆದರೆ ಅಂಕ ಇಲ್ಲ. ಯಾವ ರೋಗಕ್ಕೆ, ಯಾವ ಹುಳಕ್ಕೆ ಎಂದು ಹೇಳದ ಔಷಧಿಯ ಮಾತನ್ನು ನಾವು ಒಪ್ಪಿದರೆ ನಾಳೆ ಅದೇ ಅಭ್ಯಾಸ ತೋಟಕ್ಕೆ ಹೋಗುತ್ತದೆ.

ಪ್ರಶ್ನೆ 5 (3 ಅಂಕ, ಪಾಠ 38ರಿಂದ 40ನೇ ನಿಮಿಷ)

ಪಾರ್ಚ್‌ಮೆಂಟ್ ಮತ್ತು ಚೆರಿ ತಯಾರಿಯಲ್ಲಿ ವ್ಯತ್ಯಾಸವೇನು? ಕಣದಲ್ಲಿ ಪೂರ್ತಿ ಒಣಗುವ ಮೊದಲೇ ಚೀಲ ತುಂಬಿದರೆ ಏನಾಗುತ್ತದೆ?

ಪಾರ್ಚ್‌ಮೆಂಟ್‌ಗೆ ಹಣ್ಣಿನ ಸಿಪ್ಪೆ ತೆಗೆದು ಲೋಳೆ ಹೋಗುವಂತೆ ತೊಳೆದು ಒಣಗಿಸುತ್ತಾರೆ (1). ಚೆರಿಯಲ್ಲಿ ಹಣ್ಣನ್ನು ಇಡಿಯಾಗಿ ಒಣಗಿಸುತ್ತಾರೆ (1). ತೇವ ಉಳಿದರೆ ಬೂಷ್ಟು ಹಿಡಿಯುತ್ತದೆ, ಬಣ್ಣ, ರುಚಿ ಕೆಡುತ್ತದೆ (1). ಕೊನೆಯದರಲ್ಲಿ ಬೂಷ್ಟು, ರುಚಿ ಎರಡರಲ್ಲಿ ಒಂದು ಬಂದರೂ ಸಾಕು. ಪಾರ್ಚ್‌ಮೆಂಟ್‌ಗೆ ಶೇ 10, ರೋಬಸ್ಟಾ ಚೆರಿಗೆ ಶೇ 11 ತೇವಾಂಶ ಎಂಬ ಅಂಕಿ ಪಾಠದಲ್ಲಿದೆ, ಆದರೆ ಪ್ರಶ್ನೆಯಲ್ಲಿ ಕೇಳಿಲ್ಲ. ಬರೆಯದವರ ಅಂಕ ಕಳೆಯಬೇಡಿ.

ಪ್ರಶ್ನೆ 2 ಮತ್ತು 4ನ್ನು ಮೊದಲ ಹತ್ತು ಪತ್ರಿಕೆಗಳಲ್ಲಿ ನಾವು ಮೂವರೂ ಬೇರೆ ಬೇರೆಯಾಗಿ ತಿದ್ದಿ ಅಂಕ ಹೋಲಿಸೋಣ. ಒಂದು ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದ ಉತ್ತರವನ್ನು ಒಟ್ಟಿಗೆ ಕೂತು ಓದಿ, ಅಂಕಸೂಚಿಯಲ್ಲೇ ತಿದ್ದುಪಡಿ ಮಾಡಿಕೊಂಡು ಉಳಿದ ಕಟ್ಟನ್ನು ಹಂಚಿಕೊಳ್ಳೋಣ.